ಮೊದಲ ಮೆಟ್ಟಿಲೇ ಇಲ್ಲದ ಮನೋಚಿಕಿತ್ಸೆ

ನಮ್ಮ ಪಟ್ಟಣಗಳ ಕ್ಲಿನಿಕ್‌ಗಳಲ್ಲಿ ಸಂಜೆ ಹೊತ್ತು ಸರದಿಗಾಗಿ ಕಾಯುವ ಮಹಿಳೆಯರಲ್ಲಿ ಅನೇಕರ ದೂರು ಒಂದೇ ಬಗೆಯದು. ತಲೆನೋವು, ಮೈಕೈ ನೋವು, ಎದೆ ಢವಢವ, ಹೊಟ್ಟೆಯಲ್ಲಿ ಗ್ಯಾಸ್, ರಾತ್ರಿ ನಿದ್ರೆಯಿಲ್ಲ. ರಕ್ತ ಪರೀಕ್ಷೆ, ಇಸಿಜಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ವೈದ್ಯರು ವಿಟಮಿನ್, ನೋವಿನ ಗುಳಿಗೆ, ಜೊತೆಗೊಂದು ನಿದ್ರೆ ಮಾತ್ರೆ ಬರೆದುಕೊಡುತ್ತಾರೆ. ತಿಂಗಳು ಕಳೆದರೂ ಗುಣ ಕಾಣದಿದ್ದಾಗ ಮನೆಯ ಹಿರಿಯರು ‘ನಝರ್ ಬಿದ್ದಿದೆ’ ಎಂದು ತಾಯಿತ ಕಟ್ಟಿಸುತ್ತಾರೆ, ಮಂತ್ರಿಸಿದ ನೀರು ಕುಡಿಸುತ್ತಾರೆ. ಹೀಗೆ ಎರಡು ಮೂರು ವರ್ಷ ಸವೆದ ಬಳಿಕ, ಇನ್ನು ಬೇರೆ ದಾರಿಯಿಲ್ಲವೆಂದಾದಾಗ, ಊರವರ ಕಣ್ಣು ತಪ್ಪಿಸಿ ಮಂಗಳೂರಿನ ಅಥವಾ ಬೆಂಗಳೂರಿನ ಮನೋವೈದ್ಯರ ಬಳಿಗೆ ಕರೆದೊಯ್ಯಲಾಗುತ್ತದೆ. ನೆಲದಿಂದ ನೇರ ಮಾಳಿಗೆಗೆ ಜಿಗಿಯುವ ಈ ಪದ್ಧತಿಯಲ್ಲಿ ನಡುವಿನ ಮೆಟ್ಟಿಲುಗಳೇ ಇಲ್ಲವೆಂಬುದನ್ನು ನಾವು ಗಂಭೀರವಾಗಿ ಪರಿಗಣಿಸಿಲ್ಲ.

ಖಿನ್ನತೆ ಮತ್ತು ಆತಂಕವನ್ನು ವೈದ್ಯಶಾಸ್ತ್ರವು ಸಾಮಾನ್ಯ ಮನೋರೋಗಗಳೆಂದು ಕರೆಯುತ್ತದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಂತಹ ರೋಗವಿದ್ದವರಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇವರೆಲ್ಲರಿಗೂ ಮನೋವೈದ್ಯರನ್ನು ಒದಗಿಸಲು ಸಾಧ್ಯವಿಲ್ಲ. ನಿಜವೇನೆಂದರೆ, ಇವರಲ್ಲಿ ಬಹುಪಾಲು ಮಂದಿಗೆ ಮನೋವೈದ್ಯರ ಅಗತ್ಯವೂ ಇಲ್ಲ.

ಇದಕ್ಕೆ ಸಾಕ್ಷ್ಯ ನೆರೆಯ ಗೋವಾದಲ್ಲಿದೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿ 12 ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮತ್ತು 12 ಖಾಸಗಿ ಕ್ಲಿನಿಕ್‌ಗಳಲ್ಲಿ ‘ಮಾನಸ್’ ಎಂಬ ಅಧ್ಯಯನ ನಡೆಸಿದರು. ಅದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ವೈದ್ಯಕೀಯ ಹಿನ್ನೆಲೆಯಿಲ್ಲದ ಸ್ಥಳೀಯ ಮಹಿಳೆಯರಿಗೆ ತರಬೇತಿ ನೀಡಿ, ಆಪ್ತಸಮಾಲೋಚಕಿಯರನ್ನಾಗಿ ನೇಮಿಸಲಾಯಿತು. ರೋಗ ಪತ್ತೆಯಾದ ಎಲ್ಲರಿಗೂ ಮೊದಲು ರೋಗದ ತಿಳುವಳಿಕೆ ಮತ್ತು ಸಲಹೆ. ತೀವ್ರತೆ ಹೆಚ್ಚಿದ್ದವರಿಗೆ ವೈದ್ಯರಿಂದ ಔಷಧ ಅಥವಾ ಕ್ರಮಬದ್ಧ ಸಮಾಲೋಚನೆ. ಅದೂ ಸಾಲದವರಿಗೆ ಎರಡೂ ಒಟ್ಟಿಗೆ. ಕೊನೆಯಲ್ಲಿ ಮಾತ್ರ ಮನೋವೈದ್ಯರು. ಸರಕಾರಿ ಕೇಂದ್ರಗಳಲ್ಲಿ ಈ ಕ್ರಮದ ಆರೈಕೆ ಪಡೆದ ರೋಗಿಗಳಲ್ಲಿ ಆರು ತಿಂಗಳಲ್ಲಿ ನೂರಕ್ಕೆ ಸುಮಾರು 66 ಮಂದಿ ಚೇತರಿಸಿಕೊಂಡರು. ಪಡೆಯದ ಕೇಂದ್ರಗಳಲ್ಲಿ ಸುಮಾರು 42. ಖಾಸಗಿ ಕ್ಲಿನಿಕ್‌ಗಳಲ್ಲಿ ಇಂತಹ ವ್ಯತ್ಯಾಸ ಕಾಣಿಸಲಿಲ್ಲ. ಸರಕಾರಿ ಆಸ್ಪತ್ರೆಯನ್ನೇ ನಂಬಿರುವ ಬಡವರಿಗೆ ಇದರ ಪ್ರಯೋಜನ ಹೆಚ್ಚೆಂಬುದು ಇದರಿಂದ ನಾವು ಕಾಣುವ ಪಾಠ.

ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಯಾವಾಗ ಏರಬೇಕೆಂದು ನಿರ್ಧರಿಸುವುದು ಯಾರದೋ ಊಹೆಯಲ್ಲ, ಅಳತೆ. ಆಶಾ ಕಾರ್ಯಕರ್ತೆಯ ಬಳಿಯಿರುವ ಆರೋಗ್ಯ ತಪಾಸಣಾ ನಮೂನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲದಂತಾಗಿದೆಯೇ? ಮನಸ್ಸು ಕುಗ್ಗಿದೆಯೇ? ಇವುಗಳಲ್ಲಿ ಅಂಕ ಹೆಚ್ಚಿದ್ದರೆ ಮುಂದಿನದು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27 ಅಂಕ. 5ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ. 5ರಿಂದ 9 ಸೌಮ್ಯ. ಔಷಧ ಬೇಡ, ತಿಳಿಹೇಳಿ ಎರಡು ವಾರದ ಬಳಿಕ ಮತ್ತೆ ಅಳೆಯಬೇಕು. 10 ಮುಟ್ಟಿದರೆ ವೈದ್ಯಾಧಿಕಾರಿ ನೋಡಲೇಬೇಕು, ಸಮಾಲೋಚನೆ ಆರಂಭವಾಗಬೇಕು. 15 ದಾಟಿದರೆ ಔಷಧ ಅಥವಾ ಕ್ರಮಬದ್ಧ ಸಮಾಲೋಚನೆ, ಹಲವೊಮ್ಮೆ ಎರಡೂ ಬೇಕು. 20 ಮತ್ತು ಅದಕ್ಕೆ ಮೇಲ್ಪಟ್ಟರೆ ಮನೋವೈದ್ಯರ ಅಭಿಪ್ರಾಯ ಪಡೆಯುವುದು ಕ್ಷೇಮ.

ಅಂಕಿಗಳು ಒಣ ಎನಿಸಬಹುದು. ಒಂದು ಮಾದರಿ ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಮೂವತ್ತನಾಲ್ಕು ವರ್ಷದ ಸಹೋದರಿ, ಪತಿ ಗಲ್ಫ್‌ನಲ್ಲಿ, ಮನೆಯಲ್ಲಿ ಅತ್ತೆ ಮತ್ತು ಮೂವರು ಮಕ್ಕಳು. ನಿದ್ರೆಗೆ 3, ಆಯಾಸಕ್ಕೆ 3, ಆಸಕ್ತಿ, ಬೇಸರ, ಏಕಾಗ್ರತೆಗೆ ತಲಾ 2, ಹಸಿವು ಮತ್ತು ಅಪರಾಧಿ ಭಾವಕ್ಕೆ ತಲಾ 1, ಚಲನೆಯ ಕುರಿತ ಪ್ರಶ್ನೆಗೆ ಸೊನ್ನೆ. ಸಾಯುವ ಯೋಚನೆಯ ಕುರಿತ ಒಂಬತ್ತನೆಯ ಪ್ರಶ್ನೆಗೂ ಸೊನ್ನೆ. ಒಟ್ಟು 14. ವೈದ್ಯರು ಮೊದಲು ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷಿಸಬೇಕು, ಏಕೆಂದರೆ ಅವೆರಡೂ ಖಿನ್ನತೆಯ ವೇಷ ಹಾಕಬಲ್ಲವು. ಅವು ಸರಿಯಿದ್ದರೆ ಸಮಾಲೋಚಕಿ ವಾರಕ್ಕೊಮ್ಮೆ ಆಕೆಯೊಂದಿಗೆ ಕೂರುತ್ತಾಳೆ. ಇಲ್ಲಿ ನಡೆಯುವುದು ಉಪದೇಶವಲ್ಲ. ಖಿನ್ನತೆ ಬಂದ ಮೇಲೆ ಆಕೆ ಬಿಟ್ಟುಬಿಟ್ಟ ಕೆಲಸಗಳು ಯಾವುವು, ತವರಿಗೆ ಫೋನ್ ಮಾಡುವುದೇ, ಹೊಲಿಗೆಯೇ, ನೆರೆಮನೆಯವಳ ಜೊತೆ ಸಂಜೆಯ ನಡಿಗೆಯೇ ಎಂದು ಪಟ್ಟಿ ಮಾಡಿ, ಸಣ್ಣದೊಂದನ್ನು ನಿಗದಿತ ದಿನ, ನಿಗದಿತ ವೇಳೆಯಲ್ಲಿ ಮತ್ತೆ ಆರಂಭಿಸಲು ನೆರವಾಗುವುದು. ಗೋವಾದಲ್ಲೇ ನಡೆದು 2017ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಇಂತಹ ಆರರಿಂದ ಎಂಟು ಭೇಟಿಗಳಿಂದ ತೀವ್ರ ಖಿನ್ನತೆಯವರೂ ಗಣನೀಯವಾಗಿ ಚೇತರಿಸಿಕೊಂಡಿದ್ದರು.

ನಾಲ್ಕು ವಾರದ ಬಳಿಕ ಮತ್ತೆ ಅಳೆದಾಗ ಆಕೆಯ ಅಂಕ 12 ಎಂದುಕೊಳ್ಳಿ. ಮನೆಯವರು ‘ಸ್ವಲ್ಪ ಪರವಾಗಿಲ್ಲ’ ಎನ್ನುತ್ತಾರೆ, ಆಕೆಯೂ ಹೌದೆನ್ನುತ್ತಾಳೆ. ಆದರೆ ಕನಿಷ್ಠ 5 ಅಂಕ ಇಳಿಯದಿದ್ದರೆ ಚಿಕಿತ್ಸೆ ಸಾಲದೆಂದೇ ಅರ್ಥ. ಇಲ್ಲಿ ಇಳಿದದ್ದು ಎರಡೇ. ಆದ್ದರಿಂದ ಒಂದು ಮೆಟ್ಟಿಲು ಮೇಲೆ. ಹಿಂದೆಂದಾದರೂ ಅತಿಯಾದ ಉತ್ಸಾಹ, ದಿನಗಟ್ಟಲೆ ನಿದ್ರೆ ಬೇಡವೆನಿಸಿದ ಸ್ಥಿತಿ ಇತ್ತೇ ಎಂದು ಕೇಳಿ, ಇಲ್ಲವೆಂದು ಖಚಿತವಾದ ಮೇಲೆ ವೈದ್ಯರು ಬೆಳಿಗ್ಗೆ ಫ್ಲುಯೊಕ್ಸೆಟಿನ್ 20 ಮಿಲಿಗ್ರಾಂ ಆರಂಭಿಸುತ್ತಾರೆ, ಸಮಾಲೋಚನೆಯೂ ಮುಂದುವರಿಯುತ್ತದೆ. ಈ ಔಷಧ ನಾಲ್ಕರಿಂದ ಆರು ವಾರ ಕಾಯಿಸುತ್ತದೆ. ಹತ್ತನೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುವವರೇ ನಮ್ಮಲ್ಲಿ ಹೆಚ್ಚು. ಆರು ವಾರಕ್ಕೆ ಅಂಕ 6, ಮೂರು ತಿಂಗಳಿಗೆ 3 ಆಗಿದ್ದರೆ ಸಮಾಲೋಚಕಿಯ ಭೇಟಿ ತಿಂಗಳಿಗೊಮ್ಮೆ ಸಾಕು. ಮಾತ್ರೆ ಮಾತ್ರ ಗುಣವಾದ ಬಳಿಕವೂ 9ರಿಂದ 12 ತಿಂಗಳು ಬೇಕು. ರಮಝಾನಿನಲ್ಲಿ ಬಿಡಬೇಕಾಗಿಲ್ಲ. ದಿನಕ್ಕೊಂದೇ ಆದ ಕಾರಣ ಸಹರಿ ಅಥವಾ ಇಫ್ತಾರ್ ಹೊತ್ತಿನಲ್ಲಿ ಸೇವಿಸಬಹುದು. ಒಂದು ಔಷಧ ಪೂರ್ಣ ಪ್ರಮಾಣದಲ್ಲಿ ಫಲಿಸದೆ, ಎರಡನೆಯದೂ ಫಲಿಸದಿದ್ದರೆ ಆಗ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು.

ಕೆಲವರು ಮೆಟ್ಟಿಲು ಎಣಿಸುತ್ತಾ ಕೂರಬಾರದು. ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಯಾವುದೇ ಉತ್ತರ ಬಂದರೂ, ಒಟ್ಟು ಅಂಕ 8 ಆಗಿದ್ದರೂ, ಅಲ್ಲೇ ನಿಂತು ಕೇಳಬೇಕು: ಹೇಗೆ ಎಂದು ಯೋಚಿಸಿದ್ದೀರಾ? ಸಾಧನ ಮನೆಯಲ್ಲಿದೆಯೇ? ಯೋಜನೆಯಿದ್ದರೆ ಅದೇ ದಿನ ಮೇಲಿನ ಆಸ್ಪತ್ರೆಗೆ, ಒಂಟಿಯಾಗಿ ಬಿಡದೆ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟೀತು ಎಂಬ ಭಯ ನಿರಾಧಾರ. ಇಲ್ಲದ ಧ್ವನಿ ಕೇಳುವವರು, ಊಟ ನೀರು ಬಿಟ್ಟವರು, ಹೆರಿಗೆಯ ಬಳಿಕ ಮಗುವಿಗೆ ಅಪಾಯವಾಗಬಹುದೆಂಬ ಸ್ಥಿತಿಯಲ್ಲಿರುವ ಬಾಣಂತಿಯರು ಕೂಡ ನೇರ ಮೇಲಕ್ಕೇ ಹೋಗಬೇಕು. ಪೊಲೀಸ್ ಕೇಸಿನ ಭಯದಿಂದ ಆತ್ಮಹತ್ಯಾ ಯತ್ನವನ್ನು ಮುಚ್ಚಿಡುವ ಕುಟುಂಬಗಳು ಒಂದು ಸಂಗತಿ ಅರಿಯಲಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸುತ್ತದೆ ಮತ್ತು ಅವರ ಆರೈಕೆಯ ಹೊಣೆಯನ್ನು ಸರಕಾರದ ಮೇಲೆ ಹೊರಿಸುತ್ತದೆ.

ಕಾಗದದಲ್ಲಿ ಚೆನ್ನಾಗಿರುವ ಈ ವ್ಯವಸ್ಥೆ ಎಲ್ಲಿ ಕುಸಿಯುತ್ತದೆ? ಮೊದಲನೆಯದಾಗಿ, ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು. ಕನ್ನಡ ಬಾರದವಳೆಂದು ಮಗ ಭಾಷಾಂತರಿಸಲು ಕುಳಿತರೆ ಒಂಬತ್ತನೆಯ ಪ್ರಶ್ನೆಗೆ ಸದಾ ಸೊನ್ನೆಯೇ ಬರುತ್ತದೆ. ಉರ್ದು, ಬ್ಯಾರಿ ಬಲ್ಲ ಮಹಿಳೆ ಖಾಸಗಿಯಾಗಿ ಕೇಳದ ಹೊರತು ಆ ಅಂಕಕ್ಕೆ ಬೆಲೆಯಿಲ್ಲ. ಎರಡನೆಯದಾಗಿ, ಅಲ್ಪ್ರಾಝೋಲಮ್‌ನಂತಹ ನಿದ್ರೆ ಮಾತ್ರೆ. ಅದು ಅಂದೇ ನೆಮ್ಮದಿ ನೀಡುವುದರಿಂದ ರೋಗ ಗುಣವಾದಂತೆ ತೋರುತ್ತದೆ; ಖಿನ್ನತೆ ಒಳಗೇ ಉಳಿದು, ಚಟವೊಂದು ಹೊಸದಾಗಿ ಸೇರುತ್ತದೆ. ಮೂರನೆಯದು ಇನ್ನೂ ದೊಡ್ಡದು. ಮೇಲಕ್ಕೆ ಬರೆದುಕೊಟ್ಟ ಚೀಟಿ ಹಿಂದಕ್ಕೆ ಬರುವುದಿಲ್ಲ. ರೋಗಿ ಜಿಲ್ಲಾ ಆಸ್ಪತ್ರೆಗೆ ಹೋದರೇ, ಯಾವ ಔಷಧ ಕೊಟ್ಟರು, ಇನ್ನು ಕೆಳಗಿನ ಕೇಂದ್ರದಲ್ಲೇ ಮುಂದುವರಿಸಬಹುದೇ ಎಂಬುದು ಕಳುಹಿಸಿದವರಿಗೆ ತಿಳಿಯದು. ಇಳಿಯುವ ದಾರಿಯಿಲ್ಲದ ಮೆಟ್ಟಿಲಿನಿಂದ ಮನೋವೈದ್ಯರ ಕೊಠಡಿ ತುಂಬಿಹೋಗಿ, ನಿಜವಾಗಿ ಅಗತ್ಯವಿದ್ದವರು ಹೊರಗೆ ನಿಲ್ಲುತ್ತಾರೆ.

ಆಲಿಮರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್‌ಖೀ ದೇಹ ಮತ್ತು ಮನಸ್ಸುಗಳೆರಡರ ಆರೋಗ್ಯದ ಕುರಿತು ಒಂದೇ ಗ್ರಂಥ ಬರೆದರು. ಕಾರಣವಿರುವ ದುಃಖಕ್ಕೂ ಕಾರಣ ಕಾಣದ ದುಃಖಕ್ಕೂ ವ್ಯತ್ಯಾಸ ಕಲ್ಪಿಸಿ, ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಸೂಚಿಸಿದರು. ಆ ಪರಂಪರೆಯ ವಾರಸುದಾರರಾದ ನಾವು ಖಿನ್ನತೆಯನ್ನು ಈಮಾನಿನ ಕೊರತೆಯೆಂದು ಜರೆಯುವುದು ಎಂಥ ವಿಪರ್ಯಾಸ! ದುಆ ಮತ್ತು ಕುರ್‌ಆನ್ ಪಾರಾಯಣ ಮನಸ್ಸಿಗೆ ಬಲ ನೀಡುತ್ತವೆ, ಅದರಲ್ಲಿ ತಕರಾರಿಲ್ಲ. ಆದರೆ ವೈದ್ಯರಿಗೆ ಮಿತಿಯಿದೆಯೆಂದಾದರೆ ತಾಯಿತ ಬರೆಯುವವರಿಗೂ ಮಿತಿ ಬೇಡವೇ? ಎರಡು ವಾರ ಕಳೆದರೂ ನಿದ್ರೆ, ಹಸಿವು ಮರಳದಿದ್ದರೆ ‘ಆರೋಗ್ಯ ಕೇಂದ್ರಕ್ಕೆ ಹೋಗು’ ಎಂದು ಅವರೇ ಹೇಳಬೇಕು. ಇದ್ದತ್‌ನಲ್ಲಿರುವ ವಿಧವೆಯೂ ಚಿಕಿತ್ಸೆಗಾಗಿ ಹೊರಹೋಗಬಹುದೆಂಬುದನ್ನು ಜುಮಾದ ವೇದಿಕೆಯಿಂದ ಸ್ಪಷ್ಟಪಡಿಸಬೇಕು.

ಇನ್ನು ಸರಕಾರ. ಪ್ರಾಥಮಿಕ ಕೇಂದ್ರದಲ್ಲೇ ಮನೋಚಿಕಿತ್ಸೆ ಎಂಬ ಪ್ರಯೋಗ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ನಡೆದು, ಅದರ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ದೇಶಕ್ಕೆ ದಾರಿ ತೋರಿದ ರಾಜ್ಯದಲ್ಲಿ ಕೇಳಬೇಕಾದ ಪ್ರಶ್ನೆ ಸರಳ: ನಿಮ್ಮ ಪ್ರಾಥಮಿಕ ಕೇಂದ್ರದಲ್ಲಿ ಫ್ಲುಯೊಕ್ಸೆಟಿನ್ ಇದೆಯೇ? ಸಮಾಲೋಚಕಿ ಇದ್ದಾಳೆಯೇ? ಸಮಾಲೋಚಕಿಯಿಲ್ಲದೆ ಅಂಕ ಮಾತ್ರ ಬರೆದಿಟ್ಟರೆ ಅದು ಆರೈಕೆಯಲ್ಲ, ಲೆಕ್ಕ ಬರೆಯುವುದು. ಶ್ರೀಮಂತರು ನೇರ ತಜ್ಞರ ಬಳಿಗೆ ಹೋಗುವಾಗ ಬಡವರನ್ನು ಮಾತ್ರ ಕೆಳಗಿನ ಮೆಟ್ಟಿಲಲ್ಲಿ ಕೂರಿಸುವ ನೆಪವಾಗಿಯೂ ಈ ಪದ್ಧತಿ ಬಳಕೆಯಾಗಬಹುದು. ಎಷ್ಟು ಮಂದಿಯನ್ನು ಮೇಲಕ್ಕೆ ಕಳುಹಿಸಲಾಯಿತು, ಅವರಲ್ಲಿ ಎಷ್ಟು ಮಂದಿ ನಿಜವಾಗಿ ತಲುಪಿದರು ಎಂಬ ಮಾಹಿತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಯಿಂದ ಮಾಹಿತಿ ಹಕ್ಕಿನಡಿ ಪಡೆಯಬಹುದು.

ಜಮಾಅತ್‌ಗಳು ನಡೆಸುವ ಧರ್ಮಾರ್ಥ ಕ್ಲಿನಿಕ್‌ಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಪದವಿ ಮುಗಿಸಿ ಮನೆಯಲ್ಲಿರುವ ಇಬ್ಬರು ಯುವತಿಯರಿಗೆ ತರಬೇತಿ ಕೊಡಿಸಿ, ಅವರ ಮೇಲ್ವಿಚಾರಣೆಗೆ ವಾರಕ್ಕೊಮ್ಮೆ ಮನೋವೈದ್ಯರೊಬ್ಬರನ್ನು ಒಪ್ಪಿಸಿ, ಒಂದು ಪರದೆ ಹಾಕಿದ ಕೊಠಡಿ ಬಿಟ್ಟುಕೊಡಬೇಕು. ಆ ಕೊಠಡಿಯ ಗೋಡೆಯಲ್ಲಿ 14416 ಎಂಬ ಸಂಖ್ಯೆಯಿರಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.