ಗುಣವಾಚಕಗಳ ಕಂಪನಿ, ಕ್ರಿಯಾಪದಗಳ ಕಂಪನಿ

ಮುನ್ನೂರು-ನಾನೂರು ಮಂದಿ ದುಡಿಯುವ ಮಧ್ಯಮ ಗಾತ್ರದ ಕಂಪನಿಯೊಂದು ಬೆಳೆಯುತ್ತ ಬಂದಂತೆ ಒಂದು ಘಟ್ಟದಲ್ಲಿ ‘ಕಾಂಪಿಟೆನ್ಸಿ ಫ್ರೇಮ್‌ವರ್ಕ್’ ಬೇಕೆನ್ನುತ್ತದೆ. ಯಾವ ಹುದ್ದೆಗೆ ಎಂಥ ಸಾಮರ್ಥ್ಯ ಬೇಕು, ಅದು ಯಾವ ಮಟ್ಟದಲ್ಲಿರಬೇಕು ಎಂಬುದನ್ನು ಬರೆದಿಟ್ಟು, ಅದರಂತೆಯೇ ನೇಮಕ ಮತ್ತು ವಾರ್ಷಿಕ ಮೌಲ್ಯಮಾಪನ ನಡೆಸುವುದು ಇದರ ಉದ್ದೇಶ. ಇಂಥ ಹೆಚ್ಚಿನ ಚೌಕಟ್ಟುಗಳು ಸೋಲುವುದು ಲೆಕ್ಕಾಚಾರದಲ್ಲಲ್ಲ, ಬರವಣಿಗೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅವು ಗುಣವಾಚಕಗಳಲ್ಲಿ ಬರೆಯಲ್ಪಟ್ಟಿರುತ್ತವೆ. ಕೆಲಸವಾದರೋ ಕ್ರಿಯಾಪದಗಳಲ್ಲಿ ನಡೆಯುತ್ತದೆ.

‘ಉತ್ತಮ ನಾಯಕತ್ವ’, ‘ಅತ್ಯುತ್ತಮ ಸಂವಹನ’, ‘ಬಲವಾದ ಹೊಣೆಗಾರಿಕೆ’ ಎಂಬ ಮಾತುಗಳನ್ನು ಯಾವ ಕಂಪನಿಯ ಕಡತಕ್ಕಾದರೂ ಅಂಟಿಸಬಹುದು. ಇಬ್ಬರು ಮ್ಯಾನೇಜರುಗಳು ಅವನ್ನು ಓದಿ ಒಬ್ಬನೇ ಕೆಲಸಗಾರನಿಗೆ ಎರಡು ಬಗೆಯ ಅಂಕ ಕೊಟ್ಟರೆ ಯಾರದು ಸರಿ ಎಂದು ತೀರ್ಮಾನಿಸುವ ದಾರಿಯೇ ಇಲ್ಲ. ‘ಅತ್ಯುತ್ತಮ’ ಎಂಬುದು ನೋಡುವವನ ಮನಸ್ಸಿನಲ್ಲಿದೆಯೇ ಹೊರತು ನೋಡಲ್ಪಡುವವನ ನಡೆಯಲ್ಲಿಲ್ಲ.

ಈ ತೊಡಕಿಗೆ ಮದ್ದು ಹಳೆಯದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ನಿರ್ಣಾಯಕ ಘಟನೆಗಳನ್ನು ಸಂಗ್ರಹಿಸುವ ವಿಧಾನವನ್ನು ವಿವರಿಸಿದರು. ಕೆಲಸ ಬಲ್ಲವರನ್ನು ‘ಒಳ್ಳೆಯ ಕೆಲಸಗಾರ ಹೇಗಿರಬೇಕು?’ ಎಂದು ಕೇಳಬಾರದು, ‘ಕೆಲಸ ಕೆಟ್ಟ ಅಥವಾ ಉಳಿದ ಒಂದು ಸಂದರ್ಭ ಹೇಳಿ, ಆಗ ಅವರು ಏನು ಮಾಡಿದರು?’ ಎಂದು ಕೇಳಬೇಕು. 1963ರಲ್ಲಿ ಪೆಟ್ರೀಶಿಯಾ ಸ್ಮಿತ್ ಮತ್ತು ಲಾರ್ನ್ ಕೆಂಡಾಲ್ ಅಂಥ ಘಟನೆಗಳನ್ನೇ ಅಳತೆಗೋಲಿನ ಗೆರೆಗಳನ್ನಾಗಿ ಬಳಸುವ ಬಗೆಯನ್ನು ತೋರಿಸಿದರು.

ಪುಣೆಯ ಹೊರವಲಯದಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಹುದ್ದೆ ಪಾಳಿಯ ಸೂಪರ್‌ವೈಸರನದು. ಸೂಪರ್‌ವೈಸರರು, ಅವರ ಮೇಲಿನವರು ಮತ್ತು ಕೈಕೆಳಗಿನವರಿಂದ ಐವತ್ತು-ಅರವತ್ತು ಘಟನೆಗಳನ್ನು ಕೇಳಿ ಬರೆದುಕೊಂಡರೆ ಅವು ತಾವಾಗಿಯೇ ಐದಾರು ಗುಂಪುಗಳಾಗುತ್ತವೆ. ಅವುಗಳಲ್ಲೊಂದು ‘ದೋಷ ಕಂಡಾಗ ನಡೆದುಕೊಳ್ಳುವ ಬಗೆ’. ಅದರ ಮಟ್ಟಗಳನ್ನು ಹೀಗೆ ಬರೆಯಬಹುದು. ಒಂದನೆಯ ಮಟ್ಟದವನು ದೋಷವನ್ನು ಕೇಳಿದರಷ್ಟೇ ಹೇಳುತ್ತಾನೆ. ಎರಡನೆಯವನು ತಾನಾಗಿ ತಿಳಿಸುತ್ತಾನೆ, ಆದರೆ ಯಂತ್ರ ನಿಲ್ಲಿಸಲು ಅಪ್ಪಣೆಗೆ ಕಾಯುತ್ತಾನೆ. ಮೂರನೆಯವನು ಯಂತ್ರ ನಿಲ್ಲಿಸಿ, ಅಷ್ಟರಲ್ಲಿ ತಯಾರಾದ ಭಾಗಗಳನ್ನು ಬೇರೆಯಿಟ್ಟು, ಪಾಳಿ ಪುಸ್ತಕದಲ್ಲಿ ಬರೆದು ಮುಂದಿನವನಿಗೆ ಒಪ್ಪಿಸುತ್ತಾನೆ. ನಾಲ್ಕನೆಯವನು ಕಾರಣ ಹುಡುಕಿ, ಉಳಿದ ಪಾಳಿಗಳಲ್ಲೂ ಅದು ಮರುಕಳಿಸದಂತೆ ಪದ್ಧತಿಯನ್ನೇ ಬದಲಿಸುತ್ತಾನೆ. ಇಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ. ಆದರೂ ಯಾರು ಎಲ್ಲಿ ನಿಲ್ಲುತ್ತಾರೆಂದು ಯಾರಿಗೂ ಅನುಮಾನ ಬಾರದು.

ಬರೆದದ್ದು ಸರಿಯೇ ಎಂದು ಪರೀಕ್ಷಿಸುವ ಸರಳ ಉಪಾಯವೂ ಇದೆ. ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಬರೆಯುವಾಗ ಹಾಜರಿರದ ಹತ್ತು ಮಂದಿಗೆ ಕೊಟ್ಟು, ಯಾವುದು ಯಾವ ಸಾಮರ್ಥ್ಯದ ಯಾವ ಮಟ್ಟವೆಂದು ಜೋಡಿಸಹೇಳಬೇಕು. ಏಳೆಂಟು ಮಂದಿ ಒಂದೇ ಕಡೆ ಇಟ್ಟ ವಾಕ್ಯ ಉಳಿಯಲಿ, ಚೆದುರಿದ್ದನ್ನು ಹರಿದುಹಾಕಲಿ. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಷ್ಟೇ ನಡೆಸಿದರೆ ಸಾಲದು. ಕಾರ್ಖಾನೆಯ ಘಟನೆಗಳು ಮರಾಠಿಯಲ್ಲೋ ಹಿಂದಿಯಲ್ಲೋ ಕನ್ನಡದಲ್ಲೋ ಹೇಳಲ್ಪಟ್ಟವು. ಅಂಕ ಪಡೆಯುವವನಿಗೆ ತನ್ನ ನುಡಿಯಲ್ಲಿ ಓದಲಾಗದ ಅಳತೆಗೋಲನ್ನು ಅವನು ಪ್ರಶ್ನಿಸಲಾರ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಆರಂಭದಲ್ಲಿಯೇ ನಿವಾರಿಸಬೇಕು. ಮಟ್ಟವೆಂದರೆ ಅಂಕವಲ್ಲ. ಯಂತ್ರ ನಡೆಸುವವನಿಗೆ ಎರಡನೆಯ ಮಟ್ಟ ಸಾಕು ಎಂದಿದ್ದರೆ, ಎರಡರಲ್ಲಿ ನಿಂತವನು ಪೂರ್ಣ ಸಮರ್ಥನೇ, ನಾಲ್ಕಕ್ಕೆ ಎರಡು ಪಡೆದ ದಡ್ಡನಲ್ಲ. ಸೂಪರ್‌ವೈಸರನಿಗೆ ಮೂರು ಬೇಕು. ಹುದ್ದೆ ಕೇಳುವ ಮಟ್ಟಕ್ಕೂ ವ್ಯಕ್ತಿ ಇರುವ ಮಟ್ಟಕ್ಕೂ ನಡುವಿನ ಅಂತರವೇ ನಾವು ಓದಬೇಕಾದ ಸಂಗತಿ.

ನೇಮಕದಲ್ಲಿ ಇದರ ಬಳಕೆ ನೇರವಾದದ್ದು. ಐದಾರು ಸಾಮರ್ಥ್ಯಗಳಲ್ಲಿ ಬರುವಾಗಲೇ ಇರಬೇಕಾದ್ದು ಯಾವುದು, ಬಂದ ಆರು ತಿಂಗಳಲ್ಲಿ ಕಲಿಸಬಹುದಾದ್ದು ಯಾವುದು ಎಂದು ಮೊದಲು ವಿಂಗಡಿಸಬೇಕು. ಪಾಳಿ ಪುಸ್ತಕದ ನಮೂನೆ ಕಲಿಸಬಹುದು. ದೋಷವನ್ನು ಮುಚ್ಚಿಡುವ ಅಭ್ಯಾಸ ಬಿಡಿಸುವುದು ಕಷ್ಟ. ಎರಡನೆಯದಕ್ಕೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಇರಲಿ: ‘ನಿಮ್ಮ ಪಾಳಿಯಲ್ಲಿ ಕೆಟ್ಟ ಮಾಲು ತಯಾರಾದ ಒಂದು ಸಂದರ್ಭ ಹೇಳಿ. ನೀವು ಮೊದಲು ಏನು ಮಾಡಿದಿರಿ? ಆಮೇಲೆ?’ ಸಂದರ್ಶಕರು ಪರಸ್ಪರ ಮಾತಾಡುವ ಮುನ್ನವೇ ತಮ್ಮ ತಮ್ಮ ಮಟ್ಟವನ್ನು ಬರೆದಿಡಬೇಕು. ಮೊದಲು ಚರ್ಚಿಸಿದರೆ ಹಿರಿಯ ಸಂದರ್ಶಕನ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗಿಬಿಡುತ್ತದೆ.

ಮೌಲ್ಯಮಾಪನದ ಜೋಡಣೆಯಲ್ಲಿ ಎಚ್ಚರ ಹೆಚ್ಚು ಬೇಕು. ಕೇಂದ್ರ ಸರ್ಕಾರದ ನೌಕರರಿಗೆ ವಾರ್ಷಿಕ ಕಾರ್ಯನಿರ್ವಹಣಾ ವರದಿಯ ಪರಿಚಯವಿದೆ. ಅದರಲ್ಲಿ ಕೆಲಸದ ಫಲಿತಕ್ಕೆ ಶೇಕಡಾ 40, ವೈಯಕ್ತಿಕ ಗುಣಗಳಿಗೆ 30, ಕಾರ್ಯ ಸಾಮರ್ಥ್ಯಕ್ಕೆ 30ರಷ್ಟು ತೂಕವಿದ್ದು, ಅಂಕ ಒಂದರಿಂದ ಹತ್ತರವರೆಗೆ ಇರುತ್ತದೆ. ಬಡ್ತಿಗೆ ಇಂತಿಷ್ಟು ಶ್ರೇಣಿ ಬೇಕೆಂಬ ನಿಯಮವಿರುವಲ್ಲಿ, ವರದಿ ಬರೆಯುವವನು ನಡತೆಯನ್ನು ನೋಡಿ ಅಂಕಕ್ಕೆ ಬರುವುದಿಲ್ಲ, ಬೇಕಾದ ಅಂಕದಿಂದ ಹಿಂದಕ್ಕೆ ನಡೆದು ನಡತೆಯನ್ನು ಬಣ್ಣಿಸುತ್ತಾನೆ. ಖಾಸಗಿ ಕಂಪನಿಯಲ್ಲಿ ಸಾಮರ್ಥ್ಯದ ಮಟ್ಟವನ್ನು ಬೋನಸ್ಸಿಗೆ ನೇರವಾಗಿ ಗುಣಿಸಿದರೂ ಆಗುವುದು ಇದೇ. ಆದ್ದರಿಂದ ವರ್ಷದ ಸಂಬಳ ಏರಿಕೆ ಒಪ್ಪಿಕೊಂಡ ಕೆಲಸದ ಫಲಿತವನ್ನು ಅನುಸರಿಸಲಿ, ಸಾಮರ್ಥ್ಯದ ಮಟ್ಟ ತರಬೇತಿ ಮತ್ತು ಬಡ್ತಿಯನ್ನು ನಿರ್ಧರಿಸಲಿ ಎಂಬುದು ನನ್ನ ವಾದ. ಎರಡು ಪ್ರಶ್ನೆಗಳಿಗೆ ಒಂದೇ ಸಂಖ್ಯೆ ಉತ್ತರವಾಗಲಾರದು.

ಇದಕ್ಕೆ ಆಕ್ಷೇಪವಿದೆ. ಹಣ ಸೇರದಿದ್ದರೆ ಯಾರೂ ಇದನ್ನು ಗಂಭೀರವಾಗಿ ಎಣಿಸುವುದಿಲ್ಲ ಎನ್ನುವವರಿದ್ದಾರೆ. ಬಡ್ತಿಯೂ ಹಣವೇ, ಆದರೆ ಅದು ಕೆಲವು ವರ್ಷಗಳ ದಾಖಲೆಯನ್ನು ನೋಡುತ್ತದೆ, ಒಂದು ಮಾರ್ಚ್ ತಿಂಗಳ ಒತ್ತಡವನ್ನಲ್ಲ. ನೂರಕ್ಕೆ ಇಷ್ಟೇ ಮಂದಿ ಮೇಲಿರಬೇಕೆಂಬ ಬೆಲ್ ಕರ್ವನ್ನು ಇದರ ಮೇಲೆ ಹೇರುವುದಂತೂ ಅಸಂಗತ. ವಾಕ್ಯಗಳಲ್ಲಿ ಬರೆದ ಮಟ್ಟ ಪ್ರತಿಯೊಬ್ಬನನ್ನೂ ಕೆಲಸದೊಡನೆ ಹೋಲಿಸುತ್ತದೆ, ಬೆಲ್ ಕರ್ವ್ ಪಕ್ಕದವನೊಡನೆ. ಹತ್ತು ಸೂಪರ್‌ವೈಸರರೂ ಯಂತ್ರ ನಿಲ್ಲಿಸುವವರಾದರೆ ಹತ್ತು ಮಂದಿಗೂ ಮೂರನೆಯ ಮಟ್ಟವೇ ಸಲ್ಲಬೇಕು.

ವ್ಯವಸ್ಥೆ ಹದಗೆಡುತ್ತಿರುವುದನ್ನು ಎರಡು ಗುರುತುಗಳಿಂದ ತಿಳಿಯಬಹುದು. ಒಬ್ಬನಿಗೆ ಆರೂ ಸಾಮರ್ಥ್ಯಗಳಲ್ಲಿ ಒಂದೇ ಮಟ್ಟ ಬಂದಿದ್ದರೆ, ಮ್ಯಾನೇಜರ್ ಆರು ಬಾರಿ ನೋಡಿಲ್ಲ, ಒಮ್ಮೆ ಮೆಚ್ಚಿದ್ದಾನೆ ಅಥವಾ ಮುನಿದಿದ್ದಾನೆ. ಈ ಒಲವನ್ನು ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿದ್ದ. ಎರಡನೆಯದಾಗಿ, ನೇಮಕದಲ್ಲಿ ಮೂರನೆಯ ಮಟ್ಟ ಪಡೆದವರು ವರ್ಷದ ಬಳಿಕ ಒಂದರಲ್ಲಿ ನಿಂತಿದ್ದರೆ, ಸಂದರ್ಶನ ಅಳೆದದ್ದು ನಡತೆಯನ್ನಲ್ಲ, ಮಾತುಗಾರಿಕೆಯನ್ನು. ಮೊದಲಿನದಕ್ಕೆ ಪರಿಹಾರ, ಪ್ರತಿ ಮಟ್ಟದ ಎದುರು ದಿನಾಂಕ ಸಹಿತ ಎರಡು ಘಟನೆಗಳನ್ನು ಬರೆಯುವ ಕಡ್ಡಾಯ. ಘಟನೆಯಿಲ್ಲದ ಮಟ್ಟ ಸ್ವೀಕಾರಾರ್ಹವಲ್ಲ. ಎರಡನೆಯದಕ್ಕೆ ಪರಿಹಾರ, ಸಂದರ್ಶನದ ಪ್ರಶ್ನೆಯ ಜೊತೆಗೆ ಒಂದು ಕೆಟ್ಟ ಭಾಗವನ್ನು ಕೈಗಿತ್ತು ಏನು ಮಾಡುವಿರೆಂದು ನೋಡುವುದು.

ಕೊನೆಯದಾಗಿ, ಬರೆದದ್ದು ಬರೆಸಿಕೊಂಡವನ ಕಣ್ಣಿಗೆ ಬೀಳಬೇಕು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸರ್ಕಾರಿ ನೌಕರನ ವರದಿಯ ಪ್ರತಿಯೊಂದು ನಮೂದನ್ನೂ, ಅದು ‘ಉತ್ತಮ’ ಎಂದೇ ಇದ್ದರೂ, ಅವನಿಗೆ ತಿಳಿಸಬೇಕೆಂದಿತು. ಖಾಸಗಿ ಕಂಪನಿಯನ್ನು ಈ ತೀರ್ಪು ಕಟ್ಟಿಹಾಕುವುದಿಲ್ಲ, ತೀರ್ಪಿನ ಹಿಂದಿನ ವಿವೇಕಕ್ಕೆ ಅಂಥ ಮಿತಿಯಿಲ್ಲ. ‘ನಿನ್ನಲ್ಲಿ ಹೊಣೆಗಾರಿಕೆ ಕಡಿಮೆ’ ಎಂಬ ಮಾತಿಗೆ ಕೆಲಸಗಾರ ಏನು ಉತ್ತರ ಕೊಟ್ಟಾನು? ‘ಆಗಸ್ಟ್ 12ರ ರಾತ್ರಿ ಪಾಳಿಯಲ್ಲಿ ದೋಷ ಕಂಡೂ ನೀನು ಯಂತ್ರ ನಿಲ್ಲಿಸಲಿಲ್ಲ’ ಎಂದರೆ ಅವನು ಒಪ್ಪಬಹುದು, ಅಥವಾ ‘ನಿಲ್ಲಿಸಬೇಡವೆಂದವರು ನೀವೇ’ ಎನ್ನಬಹುದು. ಆ ಎರಡನೆಯ ಉತ್ತರಕ್ಕೆ ಎಡೆಯಿಲ್ಲದ ಚೌಕಟ್ಟು ಎಷ್ಟೇ ಅಚ್ಚುಕಟ್ಟಾಗಿದ್ದರೂ ಬಳಸಲು ಯೋಗ್ಯವಲ್ಲ.