ನಾಲ್ಕು ಫಾರ್ಮುಲಾ ಯಾಕೆ, ಒಂದು ಪಟ್ಟಿ ಸಾಕು

ಹೋದ ಇಂಟರ್ನಲ್ಸ್‌ನಲ್ಲಿ ನಮ್ಮ ಬೆಂಚಿನ ಮೂರು ಜನ ಒಂದೇ ಲೆಕ್ಕಕ್ಕೆ ಮೂರು ಉತ್ತರ ಬರೆದು ಬಂದೆವು. ಪ್ರಶ್ನೆ ಸಣ್ಣದು: y = x² ಕರ್ವನ್ನು x = 0 ಯಿಂದ 1 ರವರೆಗೆ ತಗೊಂಡು y-ಆಕ್ಸಿಸ್ ಸುತ್ತ ತಿರುಗಿಸಿದಾಗ ಸಿಗುವ ಬಟ್ಟಲಿನ ಮೇಲ್ಮೈ ವಿಸ್ತೀರ್ಣ ಎಷ್ಟು? ಇಂಟಿಗ್ರೇಷನ್ ಮೂವರಿಗೂ ಬರುತ್ತಿತ್ತು. ತಪ್ಪಿದ್ದು ಅದಕ್ಕಿಂತ ಮುಂಚೆ, ಇಂಟಿಗ್ರಲ್ ಬರೆಯುವಾಗಲೇ. ತಪ್ಪು ನಮ್ಮದೇ, ಒಪ್ಪಿಕೊಳ್ತೀವಿ. ಆದರೆ ಈ ಪಾಠವನ್ನು ನಾಲ್ಕು ಫಾರ್ಮುಲಾಗಳ ಪಟ್ಟಿಯಾಗಿ ಬಾಯಿಪಾಠ ಮಾಡುವ ಪದ್ಧತಿಗೂ ಅದರಲ್ಲಿ ಪಾಲಿದೆ ಅನ್ನೋದು ನಮ್ಮ ವಾದ.

ಮೊದಲು ಎಲ್ಲರೂ ಮಾಡುವ ತಪ್ಪು ನೋಡೋಣ. ವಾಲ್ಯೂಮ್ ಲೆಕ್ಕದಲ್ಲಿ πr² dx ಅಂತ ಬರೆದರೆ ಸರಿ ಉತ್ತರ ಬರುತ್ತೆ. ಹಾಗಾದರೆ ಮೇಲ್ಮೈಗೆ 2πr dx ಯಾಕಾಗಬಾರದು? ಬಸ್ ಸ್ಟ್ಯಾಂಡ್‌ನಲ್ಲಿ ಕಡಲೆಕಾಯಿ ಕಟ್ಟಿಕೊಡುವ ಪೇಪರ್ ಪೊಟ್ಟಣ ತಗೊಳ್ಳಿ. ಬಾಯಿಯ ತ್ರಿಜ್ಯ 3, ಎತ್ತರ 4 ಅಂದರೆ ಓರೆ ಉದ್ದ 5. ಪೊಟ್ಟಣದ ಪೇಪರ್ π × 3 × 5 = 15π ಅಂತ ಹೈಸ್ಕೂಲಲ್ಲೇ ಕಲಿತಿದ್ದೇವೆ. ಅದೇ ಪೊಟ್ಟಣವನ್ನು ಮಲಗಿಸಿ r = 3x/4 ಅಂತಿಟ್ಟು 2πr dx ಅನ್ನು 0 ಯಿಂದ 4 ರವರೆಗೆ ಇಂಟಿಗ್ರೇಟ್ ಮಾಡಿ, 12π ಬರುತ್ತೆ. 3π ಪೇಪರ್ ಎಲ್ಲಿ ಹೋಯ್ತು?

ಸ್ಲೈಸ್ ಇನ್ನೂ ತೆಳ್ಳಗೆ ಮಾಡಿದರೆ ಸರಿಹೋಗುತ್ತೆ ಅಂದ್ಕೊಂಡರೆ, ಇಲ್ಲ. ಪ್ರತಿ ಸ್ಲೈಸ್‌ನಲ್ಲಿ ನಿಜವಾದ ಪೇಪರ್ ಪಟ್ಟಿ ಓರೆಯಾಗಿದೆ, ಅದರ ಅಗಲ (5/4)dx. ನಾವು ಬರೆದದ್ದು dx. ಸಾವಿರ ಸ್ಲೈಸ್ ಮಾಡಿದರೂ ಲಕ್ಷ ಮಾಡಿದರೂ ಪ್ರತಿಯೊಂದರಲ್ಲೂ dx ನ ಕಾಲು ಭಾಗ ಬಿಟ್ಟುಹೋಗುತ್ತೆ, ಒಟ್ಟು ಕೊರತೆ ಹಾಗೇ ಉಳಿಯುತ್ತೆ. ವಾಲ್ಯೂಮ್‌ನಲ್ಲಿ ಬಿಟ್ಟುಹೋಗುವುದು ಅಂಚಿನ ಒಂದು ಪುಟ್ಟ ಉಂಗುರ. ಅದರ ಅಗಲವೂ ಚಿಕ್ಕದು, ದಪ್ಪವೂ ಚಿಕ್ಕದು, ಅಂದರೆ dr ಮತ್ತು dx ಎರಡೂ ಗುಣಿಸಿಕೊಳ್ಳುತ್ತವೆ. ಸ್ಲೈಸ್ ತೆಳುವಾದಂತೆ ಅಂಥ ಉಂಗುರಗಳೆಲ್ಲ ಸೇರಿದರೂ ಸೊನ್ನೆಗೆ ಇಳಿಯುತ್ತೆ. ವಾಲ್ಯೂಮ್‌ನಲ್ಲಿ dx ಬಚಾವಾಗೋದು ಇದಕ್ಕೇ. ಮೇಲ್ಮೈಗೆ ಮಾತ್ರ ಕರ್ವ್ ಮೇಲೆ ಅಳೆದ ds ಬೇಕೇ ಬೇಕು.

ಈಗ ನಮ್ಮ ಬಟ್ಟಲು. ಪಟ್ಟಿಯನ್ನು ಹೀಗೆ ಬರೆಯಿರಿ:

dS = 2π · r · ds

ಇಲ್ಲಿ r ಅಂದರೆ ತಿರುಗುವ ಆಕ್ಸಿಸ್‌ನಿಂದ ಕರ್ವ್‌ಗೆ ಇರುವ ದೂರ. y-ಆಕ್ಸಿಸ್ ಸುತ್ತ ತಿರುಗಿದರೆ ಆ ದೂರ x. ds = √(1 + 4x²) dx. ಆದ್ದರಿಂದ

S = 2π ∫₀¹ x √(1 + 4x²) dx = (π/6)(5√5 − 1) ≈ 5.33

dy ಯಲ್ಲಿ ಮಾಡಬೇಕಾ? ಆಗಲೂ r ಅದೇ x, ಈಗ √y ಅಂತ ಬರೆಯುತ್ತೇವೆ. ds = √(1 + 1/(4y)) dy. ಎರಡನ್ನೂ ಗುಣಿಸಿದರೆ √(y + 1/4), ಉತ್ತರ ಮತ್ತೆ 5.33. ಯಾವ ವೇರಿಯೇಬಲ್ ಅನ್ನೋದು ನಮ್ಮ ಅನುಕೂಲ, r ಯಾವುದು ಅನ್ನೋದು ಆಕ್ಸಿಸ್ ಹೇಳುತ್ತೆ. ನಾಲ್ಕು ಫಾರ್ಮುಲಾ ಬಾಯಿಪಾಠ ಮಾಡಿದವರು ಇವೆರಡನ್ನೂ ಬೆರೆಸಿಬಿಡ್ತಾರೆ.

ನಮ್ಮ ಮೂರು ಉತ್ತರಗಳಿಗೆ ಬರೋಣ. ಒಬ್ಬ 2πx dx ಬರೆದು π ತಂದ. ಅದು ಬಟ್ಟಲಿನ ಬಾಯಿಗೆ ಮುಚ್ಚುವ ಚಪ್ಪಟೆ ಮುಚ್ಚಳದ ವಿಸ್ತೀರ್ಣ! ಇನ್ನೊಬ್ಬಳು 2π√y dy ಬರೆದು 4π/3, ಅಂದರೆ 4.19 ತಂದಳು. ಇಬ್ಬರದೂ ಒಂದೇ ತಪ್ಪು, ಆದರೂ ಉತ್ತರ ಬೇರೆ ಬೇರೆ; ಪಕ್ಕಪಕ್ಕ ಇಟ್ಟು ನೋಡಿದ್ದರೆ ಅಲ್ಲೇ ಅನುಮಾನ ಬರಬೇಕಿತ್ತು. ಮೂರನೆಯವನು ds ಸರಿಯಾಗಿ ಬರೆದು, ನೋಟ್ಸ್‌ನ ಮೊದಲ ಫಾರ್ಮುಲಾದಲ್ಲಿ y ಇತ್ತಲ್ಲ ಅಂತ r ಜಾಗಕ್ಕೆ y ಹಾಕಿದ. ಬಂದದ್ದು 3.81. ಅದು x-ಆಕ್ಸಿಸ್ ಸುತ್ತ ತಿರುಗಿಸಿದಾಗ ಆಗುವ ಕಹಳೆಯಂಥ ಆಕಾರದ್ದು, ಬಟ್ಟಲಿನದ್ದಲ್ಲ.

ಈ ಮೂರನ್ನೂ ಹಿಡಿಯಲು ಅರ್ಧ ನಿಮಿಷ ಸಾಕಿತ್ತು. (0,0) ಯಿಂದ (1,1) ಗೆ ನೇರ ಗೆರೆ ಎಳೆದು ತಿರುಗಿಸಿ, ಬಟ್ಟಲೊಳಗೆ ಅದೇ ಬಾಯಿಯ ಒಂದು ಪೊಟ್ಟಣ ಕೂರುತ್ತೆ. ಅದರ ವಿಸ್ತೀರ್ಣ π√2, ಸುಮಾರು 4.44. ಹೊರಗೆ ಉಬ್ಬಿರುವ ಬಟ್ಟಲು ಒಳಗಿನ ಪೊಟ್ಟಣಕ್ಕಿಂತ ಹೆಚ್ಚೇ ಇರಬೇಕು. 3.14, 4.19, 3.81 ಮೂರೂ ಅಲ್ಲೇ ಬಿದ್ದುಹೋಗುತ್ತವೆ.

ನಮ್ಮ ಕೋರಿಕೆ ಇಷ್ಟೇ. ಮಾರ್ಕಿಂಗ್ ಸ್ಕೀಮಿನಲ್ಲಿ ಚಿತ್ರಕ್ಕೆ ಒಂದು, r ಗುರುತಿಸಿದ್ದಕ್ಕೆ ಒಂದು, ds ಬರೆದದ್ದಕ್ಕೆ ಒಂದು ಮಾರ್ಕ್ ಇರಲಿ, ಇಂಟಿಗ್ರೇಷನ್‌ಗೆ ಉಳಿದದ್ದು. ಈಗ ಚಿತ್ರ ಬಿಡಿಸಿದವನಿಗೆ ಸಿಗುವುದು ಟೈಮ್ ವೇಸ್ಟ್ ಮಾಡಿದ ಬೈಗುಳ. ಅಲ್ಲಿಯವರೆಗೆ ಜೂನಿಯರ್ಸ್‌ಗೆ ನಮ್ಮ ನೋಟ್ಸ್ ಕೊಡ್ತೀವಿ, ಫಾರ್ಮುಲಾ ಪುಟ ಹರಿದು.