ಹುಣಸೆ ಬೀಜ ಹಾಕಿ, ಆಮೇಲೆ ಸೂತ್ರ ಬರೀರಿ

ಜಗಲಿ ಲೆಕ್ಕ | ಭಾಗ 6

ಹತ್ತನೇ ಕ್ಲಾಸಿನ ಪ್ರಶ್ನೆ ನೆನಪಿದೆಯಾ? ಒಂದು ದಾಳವನ್ನು ಒಮ್ಮೆ ಎಸೆದಾಗ ಅವಿಭಾಜ್ಯ ಸಂಖ್ಯೆ ಬರುವ ಸಂಭವನೀಯತೆ ಎಷ್ಟು? 2, 3, 5. ಆರರಲ್ಲಿ ಮೂರು. ಉತ್ತರ 1/2, ಮಾರ್ಕ್ಸ್ ಜೇಬಿಗೆ. ಆ ಮಾರ್ಕ್ಸ್ ತಗೊಂಡೋರಲ್ಲಿ ಕ್ಲಾಸಲ್ಲಿ ಕೂತು ದಾಳ ಉರುಳಿಸಿದವರು ಎಷ್ಟು ಜನ ಇದೀರಿ?

ಎನ್‌ಸಿಇಆರ್‌ಟಿಯ 9ನೇ ತರಗತಿ ಗಣಿತ ಪುಸ್ತಕದಲ್ಲಿ ಮೊದಲು ಕೊನೇ ಅಧ್ಯಾಯವೇ ಸಂಭವನೀಯತೆ. ನಾಣ್ಯ ಚಿಮ್ಮು, ದಾಳ ಹಾಕು, ಬಂದದ್ದನ್ನ ಬರ್ಕೋ, ಅದರಿಂದ ಲೆಕ್ಕ ಮಾಡು ಅನ್ನೋ ಪಾಠ. 2022ರಲ್ಲಿ ಪಠ್ಯ ಕಡಿತ ಮಾಡಿದಾಗ ಅದನ್ನ ತೆಗೆದರು. ಹತ್ತನೇ ಕ್ಲಾಸಿನ ಅಧ್ಯಾಯ ಉಳಿಸಿಕೊಂಡರು, ಅದು ಎಣಿಸೋ ಪಾಠ. ಅಂದ್ರೆ ಎಸೆಯೋದು ಹೋಯ್ತು, ಎಣಿಸೋದು ಉಳೀತು. ಇದು ಉಲ್ಟಾ ಕೆಲಸ ಅನ್ನೋದು ನನ್ನ ವಾದ. ಯಾಕೆ ಅಂತ ಮೊದಲನೇ ಫೋಟೋ ನೋಡಿ.

ಅದರಲ್ಲಿರೋದು ನಾಲ್ಕು ಹುಣಸೆ ಬೀಜ. ಒಂದು ಮೈಯನ್ನ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ್ದು, ಇನ್ನೊಂದು ಮೈ ಹಾಗೇ ಕಂದು. ಚೌಕಾಬಾರ ಆಡೋಕೆ ಕವಡೆ ಸಿಗದ ಮನೇಲೆಲ್ಲ ಇದೇ ದಾಳ. ಎಷ್ಟು ಬಿಳಿ ಮೇಲೆ ಬಂತೋ ಅಷ್ಟು ಮನೆ ನಡೆಸೋದು. ನಾಲ್ಕೂ ಬಿಳಿ ಆದ್ರೆ ಚೌಕ, ನಾಲ್ಕು. ಒಂದೂ ಬಿಳಿ ಇಲ್ಲ ಅಂದ್ರೆ ಬಾರ, ಎಂಟು. (ನಿಮ್ಮೂರಲ್ಲಿ ನಿಯಮ ಬೇರೆ ಇದ್ರೆ ನಿಮ್ಮದೇ ಇಟ್ಕೊಳ್ಳಿ, ಜಗಳ ಬೇಡ.)

ನಮ್ಮ ತುರುವನೂರಲ್ಲಿ ಹೈಸ್ಕೂಲ್ ಹುಡುಗ್ರ ಮುಂದೆ ಇದನ್ನ ಇಟ್ಟಾಗ ನಾನು ಮೊದಲು ಸೂತ್ರ ಹೇಳಲ್ಲ. ಒಂದೇ ಪ್ರಶ್ನೆ: 1, 2, 3, 4, 8 ಇದರಲ್ಲಿ ಯಾವುದು ಜಾಸ್ತಿ ಬೀಳುತ್ತೆ? ಆಟಕ್ಕೆ ಮುಂಚೆ ಉತ್ತರ ಬರೆದಿಡಬೇಕು. "ಐದು ಥರ ಬೀಳುತ್ತೆ ಅಣ್ಣ, ಎಲ್ಲದಕ್ಕೂ ಐದರಲ್ಲಿ ಒಂದು" ಅನ್ನೋರು ಇದ್ದೇ ಇರ್ತಾರೆ. ಅವರು ದಡ್ಡರಲ್ಲ. ದಾಳಕ್ಕೆ ಆರು ಮುಖ, ಎಲ್ಲಕ್ಕೂ 1/6 ಅಂತ ಹೇಳಿಕೊಟ್ಟಿದೀವಲ್ಲ, ಅದನ್ನೇ ಇಲ್ಲಿ ಅಂಟಿಸಿದ್ದಾರೆ.

ಈಗ 80 ಸಲ ಹಾಕಿ, ಗೆರೆ ಎಳೆದು ಲೆಕ್ಕ ಇಡಿ. ಎರಡು ರಾಶಿಗಟ್ಟಲೆ ಬರುತ್ತೆ, ಎಂಟು ಮುಖ ತೋರಿಸೋದೇ ಅಪರೂಪ. ಯಾಕೆ? ಬೀಜಗಳಿಗೆ ಅ, ಬ, ಕ, ಡ ಅಂತ ಹೆಸರಿಡಿ. ಪ್ರತಿ ಬೀಜಕ್ಕೂ ಎರಡು ದಾರಿ, ಒಟ್ಟು 16. ಅದರಲ್ಲಿ ಎರಡೇ ಬಿಳಿ ಬರೋದು ಅಬ, ಅಕ, ಅಡ, ಬಕ, ಬಡ, ಕಡ ಅಂತ ಆರು ದಾರಿ. ಒಂದು ಬಿಳಿಗೆ ನಾಲ್ಕು, ಮೂರಕ್ಕೂ ನಾಲ್ಕು, ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಹಾಗಾಗಿ 80 ಸಲದಲ್ಲಿ ಎರಡು ಸುಮಾರು 30 ಸಲ, ಎಂಟು ಸುಮಾರು 5 ಸಲ. 30 ಅಂದ್ರೆ ಸರಿಯಾಗಿ 30 ಅಲ್ಲ, 26 ಬಂದ್ರೂ 34 ಬಂದ್ರೂ ಬೆಚ್ಚಿ ಬೀಳೋ ಅಗತ್ಯ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಇದೂ ಪುಸ್ತಕದ ಲೆಕ್ಕವೇ ಆಗುತ್ತೆ. ನಿಜವಾದ ಪಾಠ ಮುಂದಿನ ಪ್ರಶ್ನೆಯಲ್ಲಿದೆ: "ಬಿಳಿ ಬೀಳೋಕೂ ಕಂದು ಬೀಳೋಕೂ ಸಮ ಅವಕಾಶ ಅಂತ ನಿಂಗೆ ಹೇಳಿದ್ಯಾರು?"

ತಿಕ್ಕಿದ ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಸಮ ಅಂತ ನಂಬೋಕೆ ಯಾವ ಕಾರಣವೂ ಇಲ್ಲ. ಒಂದೇ ಬೀಜ ತಗೊಂಡು 100 ಸಲ ಹಾಕಿ ನೋಡಬೇಕು. ಬಿಳಿ 40ರಿಂದ 60ರ ಒಳಗೆ ಬಂದ್ರೆ ಸಮ ಇರಬಹುದು ಅಂತ ಬಿಟ್ಟುಬಿಡಿ. 70 ದಾಟಿದ್ರೆ ಆ ಬೀಜ ಒಂದು ಕಡೆಗೆ ವಾಲಿದೆ ಅಂತ ಧೈರ್ಯವಾಗಿ ಹೇಳಬಹುದು. ಬರೀ 10 ಸಲ ಹಾಕಿ 7 ಬಿಳಿ ಬಂತು ಅಂತ ತೀರ್ಪು ಕೊಡಬೇಡಿ, ಸಮ ಇರೋ ನಾಣ್ಯವೂ ಹತ್ತರಲ್ಲಿ ಏಳು ಆಗಾಗ ತೋರಿಸುತ್ತೆ.

ಸ್ವಲ್ಪ ವಾಲಿದ್ರೆ ಏನ್ ಮಹಾ ಅಂತೀರಾ? ಬಿಳಿ ನೂರಕ್ಕೆ 60 ಸಲ ಬೀಳೋ ಬೀಜಗಳು ಅಂದ್ಕೊಳ್ಳಿ. ಚೌಕಕ್ಕೆ 0.6 ಅನ್ನ ನಾಲ್ಕು ಸಲ ಗುಣಿಸಿ, ಸುಮಾರು 0.13. ಬಾರಕ್ಕೆ 0.4 ಅನ್ನ ನಾಲ್ಕು ಸಲ, ಸುಮಾರು 0.026. ಸಮ ಬೀಜದಲ್ಲಿ ಚೌಕ, ಬಾರ ಎರಡೂ ಒಂದೇ ಇದ್ದವು, ಈಗ ಚೌಕ ಐದು ಪಟ್ಟು ಜಾಸ್ತಿ! 80 ಸಲ ಹಾಕಿದ್ರೆ ಚೌಕ ಹತ್ತು, ಬಾರ ಎರಡು. ಅಜ್ಜಿ "ಈ ಬೀಜ ಸರಿಯಿಲ್ಲ, ಬೇರೆ ತಗೊಂಬಾ" ಅಂದ್ರೆ ಅದು ನೆಪ ಅಂತ ನಗಬೇಡಿ.

ಪುಸ್ತಕದ ದಾಳದಿಂದ ಈ ಪ್ರಶ್ನೆ ಹುಟ್ಟೋದೇ ಇಲ್ಲ. ಅಲ್ಲಿ "ಸಮ ಸಂಭವನೀಯ" ಅಂತ ಮೊದಲೇ ಬರೆದುಬಿಟ್ಟಿರ್ತಾರೆ. ಬೀಜ ಮಾತ್ರ ಹುಡುಗರಿಂದಲೇ ಆ ಪ್ರಶ್ನೆ ಕೇಳಿಸುತ್ತೆ.

ನಾಣ್ಯದ್ದು ಬೇಗ ಮುಗಿಸ್ತೀನಿ. ಅರ್ಧ ಜನ ನಿಜವಾಗಿ 100 ಸಲ ಚಿಮ್ಮಿ ಬರೀಲಿ, ಇನ್ನರ್ಧ ಜನ ಚಿಮ್ಮದೇ ತಲೆಯಿಂದಲೇ ಬರೀಲಿ. ಹಾಳೆ ಬೆರೆಸಿ, ಸುಳ್ಳು ಹಾಳೆ ಹುಡುಕಿ. ಸುಳ್ಳು ಬರೆಯೋರು ಹೆಡ್ ಹೆಡ್ ಹೆಡ್ ಆದ್ಮೇಲೆ ಹೆದರಿ ಟೇಲ್ ಬರೆದುಬಿಡ್ತಾರೆ. ನಿಜವಾದ ಹಾಳೆಯಲ್ಲಿ ಒಂದೇ ಮುಖ ಸಾಲಾಗಿ ಐದು ಸಲ ಬರದೇ ಇರೋದೇ ಅಪರೂಪ. ಆಮೇಲೆ ಕೇಳಿ: ಐದು ಸಲ ಹೆಡ್ ಬಿತ್ತು ಅಂತ ನಾಣ್ಯಕ್ಕೆ ನೆನಪಿರುತ್ತಾ?

ನಾಣ್ಯಕ್ಕೆ ನೆನಪಿಲ್ಲ. ಆದರೆ ಎಲೆ ಕಟ್ಟಿಗೆ ಇದೆ, ಹೊರಗೆ ಬಿದ್ದ ಎಲೆ ಮತ್ತೆ ಬರಲ್ಲ. ಇಲ್ಲಿಗೆ ಬಂದಾಗಲೇ ಮನೆಯವರು "ಮಕ್ಕಳಿಗೆ ಇಸ್ಪೀಟ್ ಕಲಿಸ್ತೀಯೇನೋ" ಅಂತ ಬೈಯೋದು. ಯುಗಾದಿ ಬಂದ್ರೆ ಮರದ ಕೆಳಗೆ ಅಂದರ್ ಬಾಹರ್ ಕೂತೇ ಕೂರುತ್ತೆ, ಪಕ್ಕದಲ್ಲಿ ಹದಿನೈದು ವರ್ಷದವರು ನಿಂತು ನೋಡ್ತಾನೇ ಇರ್ತಾರೆ. ಆಟ ಅವರಿಗೆ ಗೊತ್ತು, ಲೆಕ್ಕ ಮಾತ್ರ ಗೊತ್ತಿಲ್ಲ. ನಾನು ಕಲಿಸ್ತೀನಿ ಅನ್ನೋದು ಆ ಲೆಕ್ಕ.

ಎರಡು ರಾಜ, ಎರಡು ರಾಣಿ, ನಾಲ್ಕೇ ಎಲೆ ತಗೊಳ್ಳಿ. ದುಡ್ಡು ಬೇಡ, ಕಡಲೆ ಬೀಜವೂ ಬೇಡ. ಒಂದು ಎಲೆ ತೆರೆದಿಡಿ, ರಾಜ ಅಂದ್ಕೊಳ್ಳಿ. ಉಳಿದ ಮೂರನ್ನ ಒಳಗೆ, ಹೊರಗೆ, ಒಳಗೆ ಅಂತ ಹಾಕ್ತಾ ಹೋಗಿ. ಇನ್ನೊಂದು ರಾಜ ಎಲ್ಲಿ ಬಿತ್ತೋ ಆ ಕಡೆ ಗೆದ್ದಂಗೆ. ಆ ರಾಜ ಒಂದನೇ, ಎರಡನೇ, ಮೂರನೇ ಜಾಗದಲ್ಲಿ ಇರೋಕೆ ಸಮ ಅವಕಾಶ. ಒಂದನೇದೂ ಮೂರನೇದೂ ಒಳಗೇ ಬೀಳುತ್ತೆ. ಅಂದ್ರೆ ಒಳಗಿನವರಿಗೆ 2/3! "ಫಿಫ್ಟಿ ಫಿಫ್ಟಿ ಆಟ" ಅಂದೋರು ಇಲ್ಲಿ ಸುಮ್ಮನಾಗ್ತಾರೆ. ಆಗ ಕೇಳಿ: ಪೂರ್ತಿ 52 ಎಲೆ ತಗೊಂಡ್ರೆ ಈ ಅನುಕೂಲ ಹೆಚ್ಚುತ್ತಾ, ಕರಗುತ್ತಾ? ಕರಗುತ್ತೆ, ಆದರೆ ಪೂರ್ತಿ ಹೋಗಲ್ಲ. ಮೊದಲ ಎಲೆ ಬೀಳೋ ಕಡೆಗೆ ಸುಮಾರು ಶೇ. 51.5, ಇನ್ನೊಂದು ಕಡೆಗೆ 48.5.

ಕೊನೇ ಪ್ರಶ್ನೆ ಬಿಕಾಂನವನಾಗಿ ಕೇಳ್ತೀನಿ. ಇಬ್ಬರು ಹತ್ತತ್ತು ರೂಪಾಯಿ ಇಡ್ತಾರೆ, ಆಟ ನಡೆಸೋನು ಪ್ರತಿ ಸಲ ಅದರಿಂದ ಒಂದು ರೂಪಾಯಿ ಎತ್ತಿಟ್ಕೊಳ್ತಾನೆ. 100 ಆಟ ಆದ್ಮೇಲೆ ಯಾರು ಗೆದ್ದಿರ್ತಾರೆ? ಇಬ್ಬರಲ್ಲಿ ಯಾರು ಅಂತ ಹೇಳೋಕೆ ಸಂಭವನೀಯತೆ ಬೇಕು. ಆದರೆ ಇಬ್ಬರ ಜೇಬಿಂದಲೂ ಸೇರಿ 100 ರೂಪಾಯಿ ಹೋಗಿರುತ್ತೆ ಅನ್ನೋಕೆ ಲೆಡ್ಜರ್ ಸಾಕು.

ನಿಮ್ಮ ಮನೆ ಬೀಜ 100 ಸಲ ಹಾಕಿ, ಬಿಳಿ ಎಷ್ಟು ಬಂತು ಕೆಳಗೆ ಬರೀರಿ. 10 ಸಲ ಹಾಕಿ ಹತ್ತರಿಂದ ಗುಣಿಸಿದ್ರೆ ಗೊತ್ತಾಗುತ್ತೆ, ನಿಮ್ಮ ಸಂಖ್ಯೆ ಸೊನ್ನೆಯಲ್ಲೇ ಮುಗಿದಿರುತ್ತೆ.

#ಜಗಲಿಲೆಕ್ಕ #ಚೌಕಾಬಾರ #ಸಂಭವನೀಯತೆ #ತುರುವನೂರು